ವರ್ಷಕ್ಕೊಮ್ಮೆ ಮನೆಯ ಚಂದಾ ಲೆಕ್ಕ

ಕೇಬಲ್‌ನವರು ತಿಂಗಳ ಮೊದಲ ವಾರ ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬರುತ್ತಿದ್ದ ಕಾಲದಲ್ಲಿ ಬೇಡವಾದ ಚಂದಾ ಮನೆಯಲ್ಲಿ ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಹಣ ಎಣಿಸಿ ಕೊಡುವಾಗಲೇ ‘ಮುಂದಿನ ತಿಂಗಳಿಂದ ಬೇಡಪ್ಪ’ ಎಂದರೆ ಮುಗಿಯಿತು. ಈಗ ಹಣ ಕೇಳಲು ಯಾರೂ ಬರುವುದಿಲ್ಲ. ಸಿನಿಮಾ, ಹಾಡು, ಫೋಟೊ ಇಡುವ ಜಾಗ, ಮಕ್ಕಳ ಪಾಠ, ಎಲ್ಲಕ್ಕೂ ಮೊದಲ ದಿನ ಒಪ್ಪಿಗೆ ಕೊಟ್ಟಿರುತ್ತೇವೆ. ಆಮೇಲೆ ಖಾತೆಯಿಂದ ಹಣ ತಾನಾಗಿ ಹೋಗುತ್ತಿರುತ್ತದೆ.

ಇದರ ಹಿಂದೆ ರಿಸರ್ವ್ ಬ್ಯಾಂಕಿನ ಒಂದು ನಿಯಮವಿದೆ. ಮತ್ತೆ ಮತ್ತೆ ಕಟ್ಟಬೇಕಾದ ಹಣಕ್ಕೆ ಗ್ರಾಹಕ ಒಮ್ಮೆ ಕೊಡುವ ಒಪ್ಪಿಗೆಗೆ ಇ-ಮ್ಯಾಂಡೇಟ್ ಎನ್ನುತ್ತಾರೆ. ಮೊದಲ ಸಲ ಒಟಿಪಿ ಅಥವಾ ಪಿನ್ ಹಾಕಿ ನೋಂದಾಯಿಸಬೇಕು. ಅನಂತರದ ಕಂತುಗಳಿಗೆ ಒಂದು ಮಿತಿಯವರೆಗೆ ಒಟಿಪಿ ಬೇಡ. 2019ರಲ್ಲಿ 2,000 ರೂಪಾಯಿ ಇದ್ದ ಆ ಮಿತಿಯನ್ನು ಮುಂದೆ 5,000ಕ್ಕೆ, 2022ರ ಜೂನ್‌ನಲ್ಲಿ 15,000ಕ್ಕೆ ಏರಿಸಲಾಯಿತು. ಅದೇ ನಿಯಮ ಗ್ರಾಹಕರಿಗೆ ಒಂದು ರಕ್ಷಣೆಯನ್ನೂ ಕೊಟ್ಟಿದೆ. ಹಣ ಕಡಿತವಾಗುವುದಕ್ಕೆ ಕನಿಷ್ಠ 24 ಗಂಟೆ ಮೊದಲು ಯಾರಿಗೆ, ಎಷ್ಟು, ಯಾವ ದಿನ ಎಂಬ ಸಂದೇಶ ಬರಲೇಬೇಕು. ಬೇಡವೆಂದರೆ ಆಗಲೇ ತಡೆಯುವ ದಾರಿಯೂ ಇರಬೇಕು. ಆದರೆ ಆ ಸಂದೇಶ ಬರುವುದು ಸಾಲದವರ, ನಿವೇಶನದವರ ಜಾಹೀರಾತುಗಳ ನಡುವೆ. ಓದುವವರು ಕಡಿಮೆ.

ಹಾಗಾಗಿ ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಕೂತು ಈ ಚಂದಾಗಳ ಪಟ್ಟಿ ಮಾಡಿ, ಹೋಲಿಸಿ, ಯಾರೂ ಬಳಸದವನ್ನು ನಿಲ್ಲಿಸುವ ಕ್ರಮವೊಂದು ಬೇಕು. ಅದನ್ನು ಎರಡು ಭಾನುವಾರಗಳಲ್ಲಿ ಮುಗಿಸಬಹುದು. ಮೊದಲ ಭಾನುವಾರ ಪಟ್ಟಿಗೆ, ಎರಡನೆಯದು ತೀರ್ಮಾನಕ್ಕೆ. ನಡುವಿನ ವಾರ ಯಾರು ಏನನ್ನು ಬಳಸುತ್ತಾರೆ ಎಂದು ಗಮನಿಸಲು.

ಇದಕ್ಕೆ ಯುಗಾದಿ ಕಳೆದ ಮೇಲಿನ ಏಪ್ರಿಲ್ ತಿಂಗಳು ಅನುಕೂಲ. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿದಿರುತ್ತದೆ. ಬಹುತೇಕ ಬ್ಯಾಂಕ್ ಆ್ಯಪ್‌ಗಳಲ್ಲಿ ಇಡೀ ವರ್ಷದ ಸ್ಟೇಟ್‌ಮೆಂಟ್ ಒಟ್ಟಿಗೇ ಸಿಗುತ್ತದೆ. ಶಾಲೆ ಶುರುವಾಗುವ ಮುಂಚಿನ ಬಿಡುವೂ ಇರುತ್ತದೆ. ವಿಮೆಯ ವಿಷಯಕ್ಕೆ ಮೇ ಕೊನೆಯ ವಾರ ಮುಖ್ಯ. ಅದನ್ನು ಮುಂದೆ ನೋಡೋಣ.

ಪಟ್ಟಿ ಹುಟ್ಟಬೇಕಾದ್ದು ಸ್ಟೇಟ್‌ಮೆಂಟ್‌ನಿಂದ

‘ನಮ್ಮ ಮನೆಯಲ್ಲಿ ಯಾವ್ಯಾವ ಚಂದಾ ಇವೆ?’ ಎಂದು ಕೇಳಿ ಬರೆದುಕೊಂಡರೆ ಬಳಸುತ್ತಿರುವವು ಮಾತ್ರ ಪಟ್ಟಿಗೆ ಬರುತ್ತವೆ. ನಾವು ಹುಡುಕುತ್ತಿರುವುದು ಮರೆತವನ್ನು. ಅದಕ್ಕೇ ಹಣ ಎಲ್ಲಿಂದ ಹೊರಗೆ ಹೋಗುತ್ತದೋ ಅಲ್ಲಿಂದ ಶುರು ಮಾಡಬೇಕು.

ಮನೆಯ ಪ್ರತಿ ಉಳಿತಾಯ ಖಾತೆಯ, ಪ್ರತಿ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಪೂರ್ತಿ ಹನ್ನೆರಡು ತಿಂಗಳಿನದು ಇರಬೇಕು. ಮೂರು ತಿಂಗಳಿನದು ಸಾಲದು. ದಸರಾ ಕೊಡುಗೆಯಲ್ಲಿ ತೆಗೆದುಕೊಂಡ ವಾರ್ಷಿಕ ಚಂದಾ ವರ್ಷದಲ್ಲಿ ಒಂದೇ ಒಂದು ಸಾಲಾಗಿ ಅಕ್ಟೋಬರ್ ಪುಟದಲ್ಲಿ ಇರುತ್ತದೆ. ಏಪ್ರಿಲ್‌ನ ಪುಟದಲ್ಲಿ ಅದರ ಸುಳಿವೇ ಇರುವುದಿಲ್ಲ.

ಸ್ಟೇಟ್‌ಮೆಂಟ್ ಓದುವಾಗ ಕಂಪನಿಯ ಹೆಸರನ್ನೇ ಹುಡುಕಿದರೆ ಹಲವು ತಪ್ಪಿಹೋಗುತ್ತವೆ. ಹಣ ನಡುವಿನ ಪಾವತಿ ಸಂಸ್ಥೆಯ ಮೂಲಕ ಹೋದರೆ ಆ ಸಂಸ್ಥೆಯ ಹೆಸರು ಮಾತ್ರ ಕಾಣಬಹುದು. ಫೋನಿನ ಆ್ಯಪ್ ಅಂಗಡಿಯ ಮೂಲಕ ಹೋದರೆ ಗೂಗಲ್ ಅಥವಾ ಆ್ಯಪಲ್ ಎಂದಷ್ಟೇ ಇರುತ್ತದೆ. ಹಾಗಾಗಿ ಹೆಸರಿಗಿಂತ ಲಯ ನೋಡಿ. ಪ್ರತಿ ತಿಂಗಳು ಹೆಚ್ಚುಕಡಿಮೆ ಅದೇ ತಾರೀಖು, ಅದೇ ಮೊತ್ತ ಬಂದರೆ ಅದು ಚಂದಾ. ಏಳು ದಿನಕ್ಕೊಮ್ಮೆ ಒಂದೇ ಮೊತ್ತ ಬಂದರೆ ಅದೂ ಚಂದಾ, ಅದರಲ್ಲೂ ತುಸು ದುಬಾರಿಯದು. ಜೊತೆಗೆ NACH, ACH, MANDATE, AUTOPAY ಎಂಬ ಪದಗಳಿರುವ ಸಾಲುಗಳಿಗೆಲ್ಲ ಗುರುತು ಹಾಕಿ.

ಇನ್ನೊಂದು ತುದಿಯಿಂದಲೂ ಹುಡುಕಬೇಕು. ನಾವು ಕೊಟ್ಟ ಒಪ್ಪಿಗೆಗಳು ಮುಖ್ಯವಾಗಿ ನಾಲ್ಕು ಕಡೆ ಕೂತಿರುತ್ತವೆ. ಮೊದಲನೆಯದು ಫೋನಿನ ಆ್ಯಪ್ ಅಂಗಡಿ. ಆ್ಯಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್ ತೆರೆದು, ಮೇಲಿರುವ ನಿಮ್ಮ ಚಿತ್ರ ಒತ್ತಿ, Payments & subscriptions ಒಳಗಿನ Subscriptions ನೋಡಿ. ಐಫೋನ್‌ನಲ್ಲಿ Settings ತೆರೆದು ನಿಮ್ಮ ಹೆಸರು ಒತ್ತಿದರೆ Subscriptions ಸಿಗುತ್ತದೆ. ಎರಡನೆಯದು ಯುಪಿಐ ಆ್ಯಪ್. ಯುಪಿಐ ಆಟೊಪೇ 2020ರ ಜುಲೈನಲ್ಲಿ ಬಂತು. ಆ್ಯಪ್‌ನ ಪ್ರೊಫೈಲ್ ಪುಟದಲ್ಲಿ Autopay ಅಥವಾ Mandates ಎಂಬ ಹೆಸರಿನಲ್ಲಿ ಇರುತ್ತದೆ. ಮೂರನೆಯದು ಕಾರ್ಡಿನ ಮೇಲಿನ ಇ-ಮ್ಯಾಂಡೇಟ್, ನಾಲ್ಕನೆಯದು ಖಾತೆಯಿಂದಲೇ ನೇರ ಹೋಗುವ ಎನ್‌ಎಸಿಎಚ್. ಇವೆರಡೂ ಬ್ಯಾಂಕಿನ ಆ್ಯಪ್ ಅಥವಾ ನೆಟ್‌ಬ್ಯಾಂಕಿಂಗ್‌ನಲ್ಲಿ ಸಿಗುತ್ತವೆ. ಅಲ್ಲಿ ಕಾಣದಿದ್ದರೆ ಶಾಖೆಯಲ್ಲಿ ಕೇಳಿದರೆ ಪಟ್ಟಿ ಕೊಡುತ್ತಾರೆ.

ಮನೆಯಲ್ಲಿ ಎಷ್ಟು ಫೋನುಗಳಿವೆಯೋ ಅಷ್ಟನ್ನೂ ನೋಡಬೇಕು. ಒಂದೇ ಫೋನಿನಲ್ಲಿ ಎರಡು ಜಿಮೇಲ್ ಖಾತೆಗಳಿದ್ದರೆ ಎರಡರ ಚಂದಾಪಟ್ಟಿಯೂ ಬೇರೆ ಬೇರೆ. ಹಿರಿಯರ ಪ್ರೀಪೇಯ್ಡ್ ಫೋನಿನಲ್ಲಿ ಕಾಲರ್ ಟ್ಯೂನ್, ಜ್ಯೋತಿಷ್ಯ, ಕ್ರಿಕೆಟ್ ಸುದ್ದಿಯಂಥ ಸೇವೆಗಳಿಗೆ ಕರೆನ್ಸಿಯಿಂದಲೇ ಹಣ ಹೋಗುತ್ತಿದ್ದರೆ ಅದು ಬ್ಯಾಂಕ್ ಲೆಕ್ಕದಲ್ಲಿ ಕಾಣುವುದಿಲ್ಲ. ಅಂಥವನ್ನು ನಿಲ್ಲಿಸಲು ಆ ಫೋನಿನಿಂದಲೇ 155223ಕ್ಕೆ ಕರೆ ಮಾಡಬಹುದು.

ಒಂದು ಮಾದರಿ ಮನೆ

ಲೆಕ್ಕ ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ತೋರಿಸಲು ದಾವಣಗೆರೆಯ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಗಂಡ ಸರ್ಕಾರಿ ನೌಕರ, ಹೆಂಡತಿ ಶಿಕ್ಷಕಿ, ಪಿಯುಸಿ ಓದುವ ಮಗಳು, ಎಂಟನೇ ತರಗತಿಯ ಮಗ, ಮನೆಯ ಹಿರಿಯರಾಗಿ ಅತ್ತೆ. ಇಲ್ಲಿನ ಮೊತ್ತಗಳು ಲೆಕ್ಕಕ್ಕಾಗಿ ಹಿಡಿದವು. ನಿಮ್ಮ ಮನೆಯವನ್ನು ನೀವು ಹಾಕಿಕೊಳ್ಳಿ.

ಒಂದು ನೋಟ್‌ಬುಕ್ಕಿನ ಪುಟದಲ್ಲಿ ಆರು ಅಂಕಣ ಸಾಕು: ಯಾವುದು, ಯಾರು ಬಳಸುತ್ತಾರೆ, ವರ್ಷಕ್ಕೆ ಎಷ್ಟು, ಮುಂದಿನ ಕಂತಿನ ದಿನ, ಹಣ ಯಾವ ದಾರಿಯಲ್ಲಿ ಹೋಗುತ್ತದೆ, ತೀರ್ಮಾನ. ಮೊತ್ತ ತಿಂಗಳಿನದಾಗಲಿ ವಾರದ್ದಾಗಲಿ, ಬರೆಯುವಾಗ ವರ್ಷಕ್ಕೆ ತಿರುಗಿಸಿಯೇ ಬರೆಯಬೇಕು.

ಈ ಮನೆಯ ಪಟ್ಟಿ ಹೀಗಾಯಿತು. ಡಿಟಿಎಚ್ 4,800. ದಿನಪತ್ರಿಕೆ ಮತ್ತು ವಾರಪತ್ರಿಕೆ 3,600. ನೀರು ಶುದ್ಧಮಾಡುವ ಯಂತ್ರದ ವಾರ್ಷಿಕ ನಿರ್ವಹಣೆ 3,500. ಮೊದಲನೆಯ ಒಟಿಟಿ ವರ್ಷಕ್ಕೆ 1,499. ಎರಡನೆಯದು ತಿಂಗಳಿಗೆ 299ರಂತೆ 3,588. ಗಂಡ, ಹೆಂಡತಿ ಬೇರೆ ಬೇರೆಯಾಗಿ ತೆಗೆದುಕೊಂಡ ಫೋಟೊ ಸಂಗ್ರಹದ ಜಾಗ ತಿಂಗಳಿಗೆ 130ರಂತೆ ಇಬ್ಬರಿಗೂ ಸೇರಿ 3,120. ಮಗನ ಪರೀಕ್ಷಾ ತಯಾರಿ ಆ್ಯಪ್ 2,400. ಕೊನೆಗೆ, ಯಾರಿಗೂ ನೆನಪಿಲ್ಲದ ವಾರಕ್ಕೆ 99 ರೂಪಾಯಿಯ ಒಂದು ಸಾಲು, ವರ್ಷಕ್ಕೆ 5,148. ಒಟ್ಟು 27,655 ರೂಪಾಯಿ.

ಆ 99 ರೂಪಾಯಿ ಮಗಳ ಫೋನಿನಲ್ಲಿದ್ದ ಫೋಟೊ ತಿದ್ದುವ ಆ್ಯಪ್‌ನದು. ಮೂರು ದಿನ ಉಚಿತ ಎಂದಿತ್ತು. ಮದುವೆಯೊಂದರ ಫೋಟೊ ತಿದ್ದಿ ಆ್ಯಪ್ ತೆಗೆದುಹಾಕಿದ್ದಳು, ಹಣ ಮಾತ್ರ ಅಪ್ಪನ ಯುಪಿಐಯಿಂದ ಹೋಗುತ್ತಲೇ ಇತ್ತು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಫೋನಿನಲ್ಲಿರುವುದು ಆ್ಯಪ್, ಹಣದ ಒಪ್ಪಿಗೆ ಇರುವುದು ಪ್ಲೇ ಸ್ಟೋರ್‌ನ ಖಾತೆಯಲ್ಲಿ. ಎಲ್ಲರೂ ಎಡವುವ ಜಾಗ ಇದು, ಮಕ್ಕಳಿಗೆ ಬೈದು ಪ್ರಯೋಜನವಿಲ್ಲ. ಬೈದರೆ ಮುಂದಿನ ವರ್ಷ ಅವರು ತಮ್ಮ ಫೋನಿನ ಪಟ್ಟಿಯನ್ನು ತೋರಿಸುವುದೂ ಇಲ್ಲ.

ಬಳಕೆಗೆ ಸಾಕ್ಷಿ ಬೇಕು

‘ಇದನ್ನು ಯಾರಾದರೂ ನೋಡ್ತೀರಾ?’ ಎಂದು ಕೇಳಿದರೆ ಯಾರೋ ಒಬ್ಬರು ‘ಆಗಾಗ ನೋಡ್ತೀನಿ’ ಅನ್ನುತ್ತಾರೆ. ಸುಳ್ಳಲ್ಲ, ಆದರೆ ಆ ‘ಆಗಾಗ’ ಎಷ್ಟು ಎಂಬುದು ಅವರಿಗೂ ಗೊತ್ತಿರುವುದಿಲ್ಲ. ಹೆಚ್ಚಿನ ಒಟಿಟಿಗಳಲ್ಲಿ ನೋಡಿದ್ದರ ಪಟ್ಟಿ ಇರುತ್ತದೆ, ಪಾಠದ ಆ್ಯಪ್‌ನಲ್ಲಿ ಎಷ್ಟು ಅಧ್ಯಾಯ ಮುಗಿದಿದೆ ಎಂದು ಕಾಣುತ್ತದೆ. ಅದನ್ನು ತೆರೆದು ಕೊನೆಯ ತಾರೀಖು ನೋಡಿ. ಮಗನ ಪರೀಕ್ಷಾ ಆ್ಯಪ್‌ನಲ್ಲಿ ಜುಲೈ, ಆಗಸ್ಟ್ ಬಿಟ್ಟರೆ ಏನೂ ಇರಲಿಲ್ಲ. ಅಲ್ಲಿಗೆ ವಾದ ಮುಗಿಯಿತು.

ಬಳಸುವವರನ್ನೇ ಕೂರಿಸಿ ಕೇಳುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಒಟಿಟಿ ಇರುವಾಗ ಡಿಟಿಎಚ್ ಯಾಕೆ ಎಂದು ಮಗಳು ಕೇಳಬಹುದು. ಆಗ ಸೊಸೆ ಕೇಳಬೇಕು: ‘ಅತ್ತೆ, ನಿಮ್ಮ ಧಾರಾವಾಹಿ ಫೋನಲ್ಲೂ ಬರುತ್ತೆ. ಟಿವಿ ತೆಗೆಸಿದ್ರೆ ಕಷ್ಟ ಆಗುತ್ತಾ?’ ‘ಫೋನಲ್ಲಿ ಅಕ್ಷರ ಕಾಣಲ್ಲಮ್ಮ, ಸಂಜೆ ಅದೊಂದೇ ನನಗೆ’ ಎಂದು ಅವರು ಹೇಳಿದರೆ ಡಿಟಿಎಚ್ ಉಳಿಯಬೇಕು. ದಿನಕ್ಕೆ ಮೂರು ಗಂಟೆ ಬಳಕೆಯಾಗುವ 4,800 ರೂಪಾಯಿ, ಇಡೀ ಪಟ್ಟಿಯಲ್ಲಿ ಹೆಚ್ಚು ಸಾರ್ಥಕವಾದ ಖರ್ಚುಗಳಲ್ಲಿ ಒಂದು. ಈ ಕೆಲಸದ ಗುರಿ ಯಾರಿಗೂ ಬೇಡವಾದ್ದನ್ನು ನಿಲ್ಲಿಸುವುದು, ಹಿರಿಯರೊಬ್ಬರ ಸಂಜೆಯನ್ನು ಕಿತ್ತುಕೊಳ್ಳುವುದಲ್ಲ.

ಮೂರು ಹೋಲಿಕೆ

ಉಳಿದವನ್ನು ಮೂರು ಪ್ರಶ್ನೆಗಳಿಂದ ಜರಡಿ ಹಿಡಿಯಬಹುದು.

ಮೊದಲನೆಯದು, ಇದೇ ಸೇವೆ ಬೇರೆ ಯಾವುದರ ಜೊತೆಗಾದರೂ ಬರುತ್ತಿದೆಯೇ? ಮೊಬೈಲ್ ಪ್ಲಾನ್‌ಗಳ, ಮನೆಯ ಬ್ರಾಡ್‌ಬ್ಯಾಂಡ್‌ನ ಜೊತೆ ಒಟಿಟಿ ಸೇರಿಸಿ ಕೊಡುವುದು ಈಗ ಸಾಮಾನ್ಯ. ನಮ್ಮ ಮಾದರಿ ಮನೆಯಲ್ಲಿ 1,499 ರೂಪಾಯಿಯ ಒಟಿಟಿ ಗಂಡನ ಪೋಸ್ಟ್‌ಪೇಯ್ಡ್ ಪ್ಲಾನ್‌ನಲ್ಲೇ ಇತ್ತು. ಆದರೆ ರದ್ದು ಮಾಡುವ ಮುಂಚೆ ಒಂದನ್ನು ಪರೀಕ್ಷಿಸಬೇಕು. ಪ್ಲಾನ್ ಜೊತೆ ಬರುವುದು ಕೆಲವೊಮ್ಮೆ ಮೊಬೈಲ್ ಪರದೆಗೆ ಮಾತ್ರ ಸೀಮಿತ. ಟಿವಿಯಲ್ಲಿ ಓಡುತ್ತದೆಯೇ ಎಂದು ಹಾಕಿ ನೋಡಿದ ಮೇಲೆಯೇ ತೀರ್ಮಾನ.

ಎರಡನೆಯದು, ವರ್ಷದಲ್ಲಿ ಎಷ್ಟು ತಿಂಗಳು ಬೇಕು? ವಾರ್ಷಿಕ ಚಂದಾವನ್ನು ತಿಂಗಳ ಚಂದಾದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ತಿಂಗಳಿಗೆ 299, ವರ್ಷಕ್ಕೆ 1,499 ಇರುವ ಸೇವೆಯನ್ನು ಹಿಡಿಯಿರಿ. ಐದು ತಿಂಗಳಿಗೆ 1,495 ಆಗುತ್ತದೆ. ಐದು ತಿಂಗಳವರೆಗೆ ಬೇಕಿದ್ದರೆ ತಿಂಗಳ ಲೆಕ್ಕವೇ ಅಗ್ಗ, ಆರನೆಯ ತಿಂಗಳಿಂದ ವಾರ್ಷಿಕ ಅಗ್ಗ. ನಮ್ಮ ಮನೆಯ ಎರಡನೆಯ ಒಟಿಟಿ ಐಪಿಎಲ್ ನೋಡಲಷ್ಟೇ ಇತ್ತು. ಅದನ್ನು ನಿಲ್ಲಿಸಿ, ಪಂದ್ಯಗಳು ನಡೆಯುವ ಎರಡು ತಿಂಗಳಿಗೆ ಮಾತ್ರ ತೆಗೆದುಕೊಂಡರೆ 598 ರೂಪಾಯಿಗೆ ಮುಗಿಯಿತು. ಉಳಿತಾಯ 2,990. ಬೇಕಾದಾಗ ಮತ್ತೆ ಸೇರಲು ಒಟಿಟಿಗಳು ಸಾಮಾನ್ಯವಾಗಿ ದಂಡ ಹಾಕುವುದಿಲ್ಲ.

ಮೂರನೆಯದು, ಒಂದನ್ನೇ ಹಂಚಿಕೊಳ್ಳಬಹುದೇ? ಗೂಗಲ್‌ನ ಸಂಗ್ರಹದ ಜಾಗವನ್ನು ಒಬ್ಬರು ತೆಗೆದುಕೊಂಡರೆ ಕುಟುಂಬದ ಇನ್ನೂ ಐವರ ಜೊತೆ ಹಂಚಿಕೊಳ್ಳಬಹುದು. ಜಾಗ ಮಾತ್ರ ಹಂಚಿಕೆಯಾಗುತ್ತದೆ, ಒಬ್ಬರ ಫೋಟೊ ಇನ್ನೊಬ್ಬರಿಗೆ ಕಾಣುವುದಿಲ್ಲ. ಎರಡು ಚಂದಾ ಬಿಟ್ಟು ವರ್ಷಕ್ಕೆ 1,300ರ ಒಂದನ್ನು ಹಿಡಿದರೆ 1,820 ರೂಪಾಯಿ ಉಳಿಯಿತು. ಇಲ್ಲಿ ಕ್ರಮ ತಪ್ಪಬಾರದು. ಮೊದಲು ಕುಟುಂಬದ ಗುಂಪು ಮಾಡಿ, ಹೆಂಡತಿಯ ಖಾತೆಯಲ್ಲಿ ಹಂಚಿಕೆಯ ಜಾಗ ಕಂಡ ಮೇಲೆ ಅವರ ಚಂದಾ ನಿಲ್ಲಿಸಬೇಕು. ಉಚಿತವಾಗಿ ಸಿಗುವುದು 15 ಜಿಬಿ. ಅದಕ್ಕಿಂತ ಹೆಚ್ಚು ತುಂಬಿರುವಾಗ ಚಂದಾ ನಿಂತರೆ ಹೊಸ ಫೋಟೊ ಸೇರುವುದಿಲ್ಲ, ಜಿಮೇಲ್‌ಗೆ ಪತ್ರ ಬರುವುದೂ ನಿಲ್ಲಬಹುದು.

ಹೀಗೆ ಈ ಮನೆ ನಿಲ್ಲಿಸಿದ್ದು ಮೂರು, ಬದಲಿಸಿದ್ದು ಎರಡು, ಮುಟ್ಟದೆ ಬಿಟ್ಟದ್ದು ಮೂರು. ಒಟ್ಟು ಉಳಿತಾಯ 13,857 ರೂಪಾಯಿ, ಅಂದರೆ ಪಟ್ಟಿಯ ಅರ್ಧ. ಮನೆಯ ಯಾರೊಬ್ಬರ ದಿನಚರಿಯೂ ಬದಲಾಗಲಿಲ್ಲ.

ನಿಲ್ಲಿಸುವ ಕ್ರಮ

ರದ್ದತಿಗೆ ಎರಡು ಹೆಜ್ಜೆಗಳಿವೆ, ಒಂದು ಮಾಡಿ ಇನ್ನೊಂದು ಬಿಡಬಾರದು. ಮೊದಲು ಸೇವೆ ಕೊಡುವವರ ಆ್ಯಪ್‌ನಲ್ಲಿ, ಅಥವಾ ಪ್ಲೇ ಸ್ಟೋರ್ ಮೂಲಕ ತೆಗೆದುಕೊಂಡಿದ್ದರೆ ಅಲ್ಲೇ, Cancel ಒತ್ತಿ. ದೃಢೀಕರಣದ ಇಮೇಲ್ ಬರುವವರೆಗೆ ಕೆಲಸ ಮುಗಿದಿಲ್ಲ ಎಂದೇ ತಿಳಿಯಿರಿ. ಆಮೇಲೆ ಯುಪಿಐ ಅಥವಾ ಬ್ಯಾಂಕಿನ ಪಟ್ಟಿಯಲ್ಲಿ ಆ ಮ್ಯಾಂಡೇಟ್ ಇನ್ನೂ Active ಎಂದಿದ್ದರೆ ಅದನ್ನೂ ರದ್ದುಪಡಿಸಿ. Pause ಎಂಬುದು ತಾತ್ಕಾಲಿಕ ತಡೆ ಮಾತ್ರ.

ಸಾಮಾನ್ಯವಾಗಿ ಇವತ್ತು ರದ್ದು ಮಾಡಿದರೂ ಕಟ್ಟಿದ ಅವಧಿ ಮುಗಿಯುವವರೆಗೆ ಸೇವೆ ಸಿಗುತ್ತದೆ. ಹಾಗಾಗಿ ‘ಕೊನೆಯ ದಿನ ಮಾಡಿದರಾಯಿತು’ ಎಂದು ಕಾಯುವುದರಲ್ಲಿ ಲಾಭವಿಲ್ಲ. ಉಚಿತ ಅವಧಿಯದ್ದಾದರೆ ಕೊನೆಯ ದಿನಕ್ಕೆ ಬಿಡದೆ ಒಂದು ದಿನ ಮುಂಚೆಯೇ ಮುಗಿಸುವುದು ಕ್ಷೇಮ.

ಖಾತೆಯಲ್ಲಿ ಹಣವಿಡದೆ ಚಂದಾ ನಿಲ್ಲಿಸುವ ಉಪಾಯವನ್ನು ಮಾತ್ರ ಮಾಡಬೇಡಿ. ಎನ್‌ಎಸಿಎಚ್ ಕಂತು ಹಣವಿಲ್ಲದೆ ಹಿಂದಿರುಗಿದರೆ ಬ್ಯಾಂಕ್ ಅದಕ್ಕೆ ಶುಲ್ಕ ಹಾಕುತ್ತದೆ. ಮಕ್ಕಳ ದುಬಾರಿ ಕೋರ್ಸುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತಿಂಗಳ ಚಂದಾ ಎಂದುಕೊಂಡದ್ದು ಹಣಕಾಸು ಸಂಸ್ಥೆಯೊಂದರಿಂದ ನಮ್ಮ ಹೆಸರಿಗೆ ತೆಗೆದ ಸಾಲದ ಇಎಂಐ ಆಗಿರಬಹುದು. ಸ್ಟೇಟ್‌ಮೆಂಟ್‌ನಲ್ಲಿ ಕೋರ್ಸಿನವರ ಬದಲು ಫೈನಾನ್ಸ್ ಕಂಪನಿಯ ಹೆಸರಿದ್ದರೆ ಅದೇ ಸುಳಿವು. ಅಲ್ಲಿ ಮ್ಯಾಂಡೇಟ್ ರದ್ದು ಮಾಡಿದರೆ ಸಾಲ ಹೋಗುವುದಿಲ್ಲ, ನಿಮ್ಮ ಕ್ರೆಡಿಟ್ ಸ್ಕೋರ್ ಕೆಡುತ್ತದೆ. ಕೋರ್ಸ್ ರದ್ದತಿ, ಸಾಲ ಮುಕ್ತಾಯ ಎರಡಕ್ಕೂ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು.

ರದ್ದು ಮಾಡುವ ಗುಂಡಿಯೇ ಸಿಗದಿದ್ದರೆ ಅಂತರ್ಜಾಲದಲ್ಲಿ ‘ಕಸ್ಟಮರ್ ಕೇರ್’ ನಂಬರ್ ಹುಡುಕಿ ಕರೆ ಮಾಡಬೇಡಿ. ವಂಚಕರು ಇಂಥ ಕರೆಗಳಿಗೇ ನಕಲಿ ನಂಬರ್ ಹಾಕಿ ಕಾದಿರುತ್ತಾರೆ. ಹಣ ವಾಪಸ್ ಪಡೆಯಲು ಯುಪಿಐ ಪಿನ್ ಬೇಕಿಲ್ಲ ಎಂಬುದು ಮನೆಯ ಎಲ್ಲರಿಗೂ ಗೊತ್ತಿರಲಿ. ಸೇರುವುದನ್ನು ಸುಲಭ ಮಾಡಿ ಬಿಡುವುದನ್ನು ಕಷ್ಟ ಮಾಡುವ ತಂತ್ರವನ್ನು, ಉಚಿತ ಸೇವೆಗೂ ಹಣ ಕಡಿತದ ಒಪ್ಪಿಗೆ ಕೇಳುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ‘ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್’ ಎಂದು ಹೆಸರಿಸಿ ನಿಷೇಧಿಸಿದೆ. ರದ್ದಾದ ಮೇಲೂ ಹಣ ಹೋದರೆ ದೃಢೀಕರಣದ ಇಮೇಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕತ್ತರಿ ಹಾಕಬಾರದ ಸಾಲುಗಳು

ಎಲ್ಲ ಅಪರಿಚಿತ ಕಡಿತವೂ ವ್ಯರ್ಥವಲ್ಲ. ಮೇ ಕೊನೆಯ ವಾರ ಅಥವಾ ಜೂನ್ ಮೊದಲಲ್ಲಿ 20 ರೂಪಾಯಿ ಮತ್ತು 436 ರೂಪಾಯಿ ಹೋಗಿದ್ದರೆ ಅವು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮತ್ತು ಜೀವನ ಜ್ಯೋತಿ ಬಿಮಾ ಯೋಜನೆಗಳ ವಾರ್ಷಿಕ ಕಂತು. ಮೊದಲನೆಯದು ಅಪಘಾತಕ್ಕೆ, ಎರಡನೆಯದು ಯಾವುದೇ ಕಾರಣದ ಸಾವಿಗೆ 2 ಲಕ್ಷ ರೂಪಾಯಿಯ ವಿಮೆ. ಗೊತ್ತಿಲ್ಲದ ಸಣ್ಣ ಮೊತ್ತವೆಂದು ಇದನ್ನು ನಿಲ್ಲಿಸಿದರೆ ಮನೆಗೆ ದೊಡ್ಡ ನಷ್ಟವಾಗಬಹುದು.

ಆದರೆ ಇಲ್ಲೂ ಒಂದು ತಪಾಸಣೆ ಇದೆ. ಒಬ್ಬರು ಒಂದೇ ಖಾತೆಯ ಮೂಲಕ ಈ ಯೋಜನೆಗಳಿಗೆ ಸೇರಬೇಕು. ಸಂಬಳದ ಖಾತೆ ಒಂದು ಬ್ಯಾಂಕಿನಲ್ಲಿ, ಹಳೆಯ ಖಾತೆ ಇನ್ನೊಂದರಲ್ಲಿ ಇರುವವರಿಗೆ ಎರಡೂ ಕಡೆ ಕಡಿತವಾಗುತ್ತಿದ್ದರೂ ಪರಿಹಾರ ಸಿಗುವುದು ಒಂದಕ್ಕೇ. ಎರಡು ಸ್ಟೇಟ್‌ಮೆಂಟ್ ಪಕ್ಕಪಕ್ಕ ಇಟ್ಟಾಗ ಇದು ಗೊತ್ತಾಗುತ್ತದೆ. ಮೇ ಕೊನೆಯ ವಾರಕ್ಕೆ ಮೊದಲು ಬ್ಯಾಂಕಿಗೆ ಪತ್ರ ಕೊಟ್ಟು ಒಂದನ್ನು ನಿಲ್ಲಿಸಿ, ಉಳಿಸಿಕೊಂಡ ಖಾತೆಯಲ್ಲಿ ನಾಮಿನಿ ಹೆಸರು ಸರಿಯಿದೆಯೇ ನೋಡಿ. ಆರೋಗ್ಯ ವಿಮೆ, ಸಾಲದ ಕಂತು, ಎಸ್‌ಐಪಿಗಳನ್ನೂ ಇದೇ ಪುಟದಲ್ಲಿ ಬರೆದು, ‘ಮುಟ್ಟಬಾರದು’ ಎಂದು ಪಕ್ಕಕ್ಕೆ ಇಟ್ಟುಬಿಡಿ.

ನೀರಿನ ಯಂತ್ರದ ನಿರ್ವಹಣೆಯಂಥವನ್ನು ಉಳಿಸಿಕೊಂಡರೂ ಒಂದು ಪ್ರಶ್ನೆ ಕೇಳಬೇಕು. ಒಪ್ಪಂದದಲ್ಲಿ ಹೇಳಿದಷ್ಟು ಸಲ ಮೆಕ್ಯಾನಿಕ್ ಬಂದಿದ್ದಾರೆಯೇ, ಫಿಲ್ಟರ್ ಬದಲಾಗಿದೆಯೇ? ಬಾಕಿ ಇದ್ದರೆ ಅವಧಿ ಮುಗಿಯುವ ಮೊದಲೇ ಕರೆಸಿ ಮಾಡಿಸಿಕೊಳ್ಳಿ. ಹಣ ಕೊಟ್ಟೂ ಪಡೆಯದ ಸೇವೆ, ಯಾರೂ ನೋಡದ ಒಟಿಟಿಯಷ್ಟೇ ನಷ್ಟ.

ಎರಡನೆಯ ಭಾನುವಾರ ಮೂರು ಕೆಲಸ ಉಳಿದಿರುತ್ತವೆ. ಉಳಿಸಿಕೊಂಡ ಪ್ರತಿ ವಾರ್ಷಿಕ ಚಂದಾದ ನವೀಕರಣ ದಿನಕ್ಕೆ ಹತ್ತು ದಿನ ಮುಂಚೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಇನ್ನು ಮುಂದೆ ಎಲ್ಲ ಚಂದಾಗಳೂ ಒಂದೇ ಖಾತೆಯಿಂದ ಹೋಗಲಿ, ಅದರ ಸಂದೇಶ ಓದುವ ಹೊಣೆ ಮನೆಯ ಒಬ್ಬರಿಗಿರಲಿ. ಆಗ 24 ಗಂಟೆ ಮೊದಲು ಬರುವ ಎಚ್ಚರಿಕೆ ಕೆಲಸಕ್ಕೆ ಬರುತ್ತದೆ. ಮೇ ತಿಂಗಳ ಸ್ಟೇಟ್‌ಮೆಂಟ್ ಬಂದ ದಿನ, ನಿಲ್ಲಿಸಿದ ಪ್ರತಿ ಸಾಲೂ ನಿಜವಾಗಿ ನಿಂತಿದೆಯೇ ಎಂದು ಪಟ್ಟಿ ಹಿಡಿದು ನೋಡಿ, ನಿಂತದ್ದರ ಮುಂದೆ ಗುರುತು ಹಾಕಿ. ವಾರ್ಷಿಕವಾದವಕ್ಕೆ ಅವುಗಳ ನವೀಕರಣದ ತಿಂಗಳಲ್ಲಿ ಇನ್ನೊಮ್ಮೆ ನೋಡಬೇಕು. ಆ ಪುಟವನ್ನು ಹರಿಯದೆ ಇಟ್ಟರೆ, ಬರುವ ಏಪ್ರಿಲ್‌ನಲ್ಲಿ ಹೊಸದಾಗಿ ಸೇರಿದವನ್ನಷ್ಟೇ ಹುಡುಕಿದರೆ ಸಾಕು.